ಹುಲ್ಲು ಹೊದಿಸಿದ ಮೇಲೂ ಗಿಡ ಬಾಡುತ್ತಿದ್ದರೆ

ಪ್ರಶ್ನೆ: ಸರ್, ನಮ್ಮದು ಹೊಸದುರ್ಗದ ಹತ್ತಿರ. ಮನೆ ಹಿಂದೆ 10 ಅಡಿ ಉದ್ದ, 3 ಅಡಿ ಅಗಲದ ನಾಲ್ಕು ಏರುಮಡಿ ಮಾಡಿದ್ದೀನಿ. ಕೆಂಪು ಮಣ್ಣು. ಎರಡರಲ್ಲಿ ಟೊಮೆಟೊ, ಬದನೆ, ಒಂದರಲ್ಲಿ ಮೆಣಸಿನ ಗಿಡ, ಒಂದರಲ್ಲಿ ಸೊಪ್ಪು. ನಾಟಿ ಮಾಡಿ ಒಂದೂವರೆ ತಿಂಗಳಾಯ್ತು. ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುತ್ತೆ. ದಿನಾ ಸಂಜೆ ಮಡಿಗೊಂದು ಕೊಡ ಹಾಕ್ತೀನಿ. ನೀರು ಉಳಿಯುತ್ತೆ ಅಂತ ಯಾರೋ ಹೇಳಿದ್ರು, ಒಂದು ತಿಂಗಳ ಹಿಂದೆ ರಾಗಿ ಹುಲ್ಲು ಹೊದಿಸಿದೆ. ಆದ್ರೆ ಗಿಡ ಮೊದಲಿಗಿಂತ ಜಾಸ್ತಿ ಬಾಡ್ತಿದೆ. ಹುಲ್ಲಿಗೆ ಗೆದ್ದಲೂ ಹತ್ತಿದೆ. ಹೊದಿಕೆ ತೆಗೆದು ಹಾಕಲಾ?

ಉತ್ತರ: ತೆಗೆಯಬೇಡಿ. ಆದರೆ ಇವತ್ತು ಸಂಜೆ ನೀರು ಹಾಕುವ ಮೊದಲು ಒಂದು ಕೆಲಸ ಮಾಡಿ. ಬದನೆ ಮಡಿಯ ನಡುವೆ ಒಂದು ಕಡೆ ಹುಲ್ಲು ಸರಿಸಿ, ಕೈಯಿಂದಲೇ ಒಂದು ಗೇಣು ಆಳ ಮಣ್ಣು ತೋಡಿ. ಹುಲ್ಲಿನ ಅಡಿಭಾಗ ತೇವವಾಗಿರಬಹುದು, ಅದಕ್ಕೆ ಅಂಟಿದ ಮಣ್ಣು ಒಂದಿಷ್ಟು ಹಸಿಯಾಗಿರಬಹುದು. ಅದರ ಕೆಳಗೆ ಮಣ್ಣು ಪುಡಿಪುಡಿಯಾಗಿ, ಬೆರಳ ಸಂದಿಯಲ್ಲಿ ಸೋರಿಹೋಗುವಷ್ಟು ಒಣಗಿರುತ್ತದೆ ಅಂತ ನನ್ನ ಅಂದಾಜು. ನಿಮ್ಮ ತೊಂದರೆಯ ಬೇರು ಇರುವುದು ಅಲ್ಲೇ.

ನನ್ನ ತೋಟದಲ್ಲೂ ಮೊದಲ ಬೇಸಿಗೆ ಹೀಗೇ ಆಗಿತ್ತು. ಟೊಮೆಟೊ ಸಾಲಿಗೆ ದಪ್ಪಗೆ ಹುಲ್ಲು ಹಾಸಿ, ಮೇಲಿಂದ ತೂತಿನ ಕ್ಯಾನ್‌ನಲ್ಲಿ ದಿನಾ ನೀರು ಚಿಮುಕಿಸುತ್ತಿದ್ದೆ. ಹುಲ್ಲು ಕಂದು ಬಣ್ಣಕ್ಕೆ ತಿರುಗಿ ತಣ್ಣಗಿತ್ತು, ನೋಡುವವರಿಗೆ ಮಡಿ ಒದ್ದೆಯಾಗಿಯೇ ಕಾಣುತ್ತಿತ್ತು. ಎರಡು ವಾರದ ಮೇಲೆ ಒಂದು ಗಿಡ ಪೂರ್ತಿ ಬಾಡಿತು. ಹುಲ್ಲು ಎತ್ತಿ ನೋಡಿದರೆ ಬೇರಿನ ಸುತ್ತ ಮಣ್ಣು ಜರಡಿ ಹಿಡಿದ ಹಿಟ್ಟಿನ ಹಾಗಿತ್ತು. ಹಾಕಿದ ನೀರೆಲ್ಲ ಹುಲ್ಲಿಗೇ ಸಂದಿತ್ತು, ಬೇರಿಗೆ ಮುಟ್ಟಿರಲಿಲ್ಲ.

ಹೊದಿಕೆ ಅಂದರೆ ಪಾತ್ರೆಗೆ ಮುಚ್ಚಳ ಇದ್ದ ಹಾಗೆ. ಪಾತ್ರೆಯಲ್ಲಿ ನೀರಿದ್ದರೆ ಅದನ್ನು ಕಾಪಾಡುತ್ತದೆ. ಖಾಲಿ ಪಾತ್ರೆಗೆ ಮುಚ್ಚಳ ಹಾಕಿ, ಆ ಮುಚ್ಚಳದ ಮೇಲೆ ದಿನಾ ಸ್ವಲ್ಪ ಸ್ವಲ್ಪ ನೀರು ಸುರಿದರೆ ಒಳಗೆ ಏನು ಇಳಿದೀತು? ನೀವು ಮೊದಲು ಮಣ್ಣಿಗೆ ನೀರು ತುಂಬಿಸಬೇಕು, ಆಮೇಲೆ ಮುಚ್ಚಬೇಕು. ಮುಚ್ಚಿದ ಮೇಲೆ ನೀರು ಹಾಕುವ ರೀತಿಯನ್ನೂ ಬದಲಿಸಬೇಕು.

ಲೆಕ್ಕ ಹಾಕಿಯೇ ನೋಡೋಣ. ನಿಮ್ಮ ಒಂದು ಮಡಿ 30 ಚದರ ಅಡಿ, ಅಂದರೆ ಸುಮಾರು 2.8 ಚದರ ಮೀಟರ್. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು ಹಾಕಿದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ಪ್ಲಾಸ್ಟಿಕ್ ಕೊಡ ಒಂದಕ್ಕೆ 15 ಲೀಟರ್ ಹಿಡಿಯೋಣ. ಹಾಗಾದರೆ ನೀವು ದಿನಾ ಕೊಡುತ್ತಿರುವುದು ಐದೂವರೆ ಮಿಲಿಮೀಟರಿಗೂ ಕಮ್ಮಿ. ನಿಮ್ಮಂಥ ಕೆಂಪು ಮರಳು ಮಿಶ್ರಿತ ಮಣ್ಣು ಪೂರ್ತಿ ಒಣಗಿದ್ದಾಗ ಇಷ್ಟು ನೀರು ಎರಡು ಇಂಚು ಕೂಡ ಕೆಳಗಿಳಿಯುವುದಿಲ್ಲ. ಅದೂ ಹುಲ್ಲು ಇಲ್ಲದಿದ್ದಾಗ. ಹುಲ್ಲು ಇದ್ದರೆ ಇನ್ನೂ ಕಷ್ಟ. ಒಣ ಹುಲ್ಲು ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಹಿಡಿದುಕೊಳ್ಳಬಲ್ಲದು. ಮಡಿಗೆ ಐದು ಕೆಜಿ ಹುಲ್ಲು ಹಾಸಿದ್ದರೆ 10 ಲೀಟರ್ ಅದರಲ್ಲೇ ನಿಲ್ಲಬಹುದು. ಮರುದಿನ ಮಧ್ಯಾಹ್ನದ ಬಿಸಿಲು, ಗಾಳಿಗೆ ಅದು ಆರಿ ಹೋಗುತ್ತದೆ. ಸಂಜೆ ನೀವು ಮತ್ತೆ ಹುಲ್ಲನ್ನೇ ನೆನೆಸುತ್ತೀರಿ. ಹೊದಿಕೆ ಹಾಕಿದ ಮೇಲೆ ಗಿಡ ಜಾಸ್ತಿ ಬಾಡಿದ್ದು ಹೀಗೆ.

ಹಾಗಂತ ಹುಲ್ಲು ತೆಗೆದು ಮೊದಲಿನ ಹಾಗೇ ದಿನಾ ನೀರು ಹಾಕುವುದೂ ಸರಿಯಲ್ಲ. ಬರಿಯ ಮಣ್ಣು ಒದ್ದೆಯಾದಾಗ ಮೊದಲ ಒಂದೆರಡು ದಿನ ತೆರೆದ ಬಾನಿಯಲ್ಲಿಟ್ಟ ನೀರಿನ ಹಾಗೇ ಆವಿಯಾಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಒಣ ಬಯಲುಸೀಮೆಯಲ್ಲಿ ತೆರೆದ ನೀರು ದಿನಕ್ಕೆ 7-8 ಮಿಲಿಮೀಟರ್ ಕಮ್ಮಿಯಾಗುತ್ತದೆ. ನೀವು ಹಾಕುವುದಕ್ಕಿಂತ ಅದೇ ಜಾಸ್ತಿ ಆಯ್ತಲ್ವಾ? ಎರಡು ಮೂರು ದಿನ ಕಳೆದ ಮೇಲೆ ಮಣ್ಣಿನ ಮೇಲಿನ ಎರಡು ಬೆರಳು ಪದರ ಒಣಗಿ ಬಣ್ಣ ತಿಳಿಯಾಗುತ್ತದೆ. ಆ ಒಣ ಪದರವೇ ಕೆಳಗಿನ ತೇವಕ್ಕೆ ಮುಚ್ಚಳವಾಗಿ, ಆವಿಯಾಗುವುದು ತಾನಾಗೇ ನಿಧಾನವಾಗುತ್ತದೆ. ದಿನಾ ಸ್ವಲ್ಪ ಸ್ವಲ್ಪ ನೀರು ಹಾಕುವವರು ಈ ಮುಚ್ಚಳವನ್ನು ದಿನಾ ಸಂಜೆ ಒದ್ದೆ ಮಾಡಿ ಕೆಡಿಸುತ್ತಾರೆ. ಹೊಲದಲ್ಲಿ ಎಡೆಕುಂಟೆ ಹೊಡೆದು ಮೇಲ್ಮಣ್ಣು ಸಡಿಲ ಮಾಡುವುದು ಕಳೆಗೆ ಮಾತ್ರ ಅಲ್ಲ, ಈ ಒಣ ಪದರಕ್ಕೂ ಹೌದು. ಕೊಪ್ಪಳ, ಗದಗ ಕಡೆಯ ಎರೆ ಹೊಲಗಳಿಗೆ ರೈತರು ಹಳ್ಳದ ಉಸುಕು ಹೇರಿ ತಂದು ಹರಡುತ್ತಾರೆ. ಉಸುಕು ಬೇಗ ಒಣಗುತ್ತದೆ, ಕೆಳಗಿನ ಎರೆಮಣ್ಣು ಬಿರುಕು ಬಿಡದೆ ಹಸಿ ಹಿಡಿದುಕೊಂಡಿರುತ್ತದೆ. ನಿಮ್ಮ ಹುಲ್ಲು ಮಾಡಬೇಕಾದ ಕೆಲಸವೂ ಅದೇ. ಹುಲ್ಲು ಮೇಲೆ ಒಣಗಿಯೇ ಇರಬೇಕು, ತೇವ ಅದರ ಕೆಳಗಿರಬೇಕು.

ಈಗ ಕೆಲಸಕ್ಕೆ ಬರೋಣ. ನಾಲ್ಕೂ ಮಡಿಯನ್ನು ಒಟ್ಟಿಗೆ ಸರಿ ಮಾಡಲು ಹೋಗಬೇಡಿ, ಅಷ್ಟು ನೀರು ನಿಮ್ಮಲ್ಲಿಲ್ಲ. ಒಂದೊಂದೇ ಮಡಿ ಹಿಡಿಯಿರಿ. ಬದನೆ ಮಡಿಯಿಂದ ಶುರು ಮಾಡಿ.

ಹುಲ್ಲನ್ನೆಲ್ಲ ಎತ್ತಿ ಪಕ್ಕಕ್ಕೆ ಹಾಕಿ. ನಿಮ್ಮದು ಏರುಮಡಿ ಅಂದಿರಿ. ಮಲೆನಾಡಿನಲ್ಲಿ, ಜೋರು ಮಳೆ ಬೀಳುವ ಕಡೆ ಏರುಮಡಿ ಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ನಿಮ್ಮ ಕಡೆ ಬೇಸಿಗೆಗೆ ಅದು ತಿರುಗುಮುರುಗು. ನಾಲ್ಕೂ ಬದಿಯಿಂದ ಗಾಳಿ ಬಡಿದು ಒಣಗುತ್ತದೆ, ಹಾಕಿದ ನೀರು ಬದಿಗೆ ಹರಿದುಹೋಗುತ್ತದೆ. ಈಗ ಗಿಡ ಇರುವುದರಿಂದ ಮಡಿ ಒಡೆಯಲಾಗದು. ಹಾಗಾಗಿ ಮಡಿಯ ಅಂಚಿಗೆ ಸುತ್ತ ನಾಲ್ಕು ಇಂಚು ಎತ್ತರ ಮಣ್ಣಿನ ಬದು ಕಟ್ಟಿ. ಎರಡು ಸಾಲಿನ ನಡುವೆ ಅಂಗೈ ಅಗಲ, ಮೂರು ಇಂಚು ಆಳದ ಸಣ್ಣ ಕಾಲುವೆ ತೆಗೆಯಿರಿ. ಬೇರು ಕಡಿಯದ ಹಾಗೆ ಕುರುಪಿಯಿಂದ ಮೆಲ್ಲಗೆ ಕೆರೆಯಿರಿ. ಕಾಲುವೆಯ ಎರಡೂ ತುದಿ ಮುಚ್ಚಿರಲಿ. ನೀರು ಸುರಿಯುವ ಜಾಗದಲ್ಲಿ ಒಂದು ಹೆಂಚಿನ ಚೂರು ಅಥವಾ ತೆಂಗಿನ ಕರಟ ಇಡಿ, ಮಣ್ಣು ಕೊಚ್ಚುವುದಿಲ್ಲ. ಮುಂದಿನ ಬೇಸಿಗೆಗೆ ಮಡಿ ಮಾಡುವಾಗ ನೆಲಮಟ್ಟಕ್ಕಿಂತ ಎರಡು ಮೂರು ಇಂಚು ತಗ್ಗಾಗಿಯೇ ಮಾಡಿ.

ಆಮೇಲೆ ಮಣ್ಣಿಗೆ ನೀರು ತುಂಬಿಸುವುದು. ಒಣಗಿದ ಒಂದು ಅಡಿ ಮಣ್ಣು ಪೂರ್ತಿ ತೇವವಾಗಲು ಈ ಮಡಿಗೆ ಸುಮಾರು 100 ಲೀಟರ್, ಅಂದರೆ ಏಳು ಕೊಡ ಬೇಕು. ಒಂದೇ ಸಲ ಸುರಿಯಬೇಡಿ. ನೀರು ಬಂದ ದಿನ ಸಂಜೆ ನಾಲ್ಕು ಕೊಡ, ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಮೂರು ಕೊಡ. ಪೂರ್ತಿ ಒಣಗಿದ ಮಣ್ಣು ಮೊದಲು ನೀರನ್ನು ಬೇಗ ಒಳಗೆ ತೆಗೆದುಕೊಳ್ಳುವುದಿಲ್ಲ, ಮೇಲೆ ಹೊರಳಾಡಿಸುತ್ತದೆ. ಮೊದಲ ಕೊಡ ನಿಧಾನವಾಗಿ ಇಳಿದು ಮಣ್ಣು ಒಮ್ಮೆ ನೆನೆದರೆ ಮುಂದಿನದು ಸಲೀಸಾಗಿ ಇಳಿಯುತ್ತದೆ. ಹಳೇ ಕೊಡ ಒಂದಿದ್ದರೆ ತಳದ ಹತ್ತಿರ ಕಾಯಿಸಿದ ಮೊಳೆಯಿಂದ ಸಣ್ಣ ತೂತು ಮಾಡಿ. ಕಾಲುವೆಯ ಪಕ್ಕ ಇಟ್ಟು ನೀರು ತುಂಬಿ ನಿಮ್ಮ ಕೆಲಸಕ್ಕೆ ಹೋಗಿ, ಅದು ತಾನಾಗೇ ಸೋರುತ್ತಿರುತ್ತದೆ. ಆ ಎರಡು ದಿನ ಮಿಕ್ಕ ಮಡಿಗಳಿಗೆ ಎಂದಿನ ಒಂದು ಕೊಡವನ್ನೇ ಹಾಕಿ. ಆದರೆ ಹುಲ್ಲಿನ ಮೇಲೆ ಬೇಡ, ಹುಲ್ಲು ಸರಿಸಿ ಗಿಡದ ಬುಡದಿಂದ ಒಂದು ಗೇಣು ದೂರಕ್ಕೆ ಹಾಕಿ.

ನೀರು ಎಷ್ಟು ಆಳ ಇಳಿಯಿತು ಅಂತ ತಿಳಿಯಲು ಮನೆ ಕಟ್ಟುವಾಗ ಉಳಿದ ಬೆರಳು ದಪ್ಪದ ಕಬ್ಬಿಣದ ಕಂಬಿ ಸಾಕು. ಮೂರನೇ ದಿನ ಬೆಳಿಗ್ಗೆ ಅದನ್ನು ಮಣ್ಣಿಗೆ ಒತ್ತಿ. ತೇವ ಇರುವಷ್ಟು ಆಳ ಕೈಬಲಕ್ಕೇ ಇಳಿಯುತ್ತದೆ, ಒಣ ಮಣ್ಣು ಸಿಕ್ಕ ಕಡೆ ಗಕ್ಕನೆ ನಿಲ್ಲುತ್ತದೆ. ಒಂದು ಅಡಿ ಇಳಿದರೆ ಸರಿ. ಅರ್ಧ ಅಡಿಗೇ ನಿಂತರೆ ಇನ್ನೆರಡು ಕೊಡ ಬೇಕು. ಕಲ್ಲು ತಾಗಿದರೂ ನಿಲ್ಲುತ್ತದೆ, ಆದ್ದರಿಂದ ಮೂರು ನಾಲ್ಕು ಕಡೆ ಚುಚ್ಚಿ ನೋಡಿ.

ಈಗ ಮುಚ್ಚಬಹುದು. ಮುಚ್ಚುವ ಮೊದಲು ಮಡಿಗೆ ಒಂದು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹರಡಿ. ಹುಲ್ಲಿನ ಅಡಿ ಗೊಬ್ಬರ ಇದ್ದರೆ ಎರೆಹುಳು ಮೇಲಕ್ಕೆ ಬರುತ್ತವೆ. ಅವು ಕೊರೆದ ದಾರಿಯಲ್ಲಿ ಮುಂದಿನ ಸಲ ನೀರು ಬೇಗ ಇಳಿಯುತ್ತದೆ. ರಾಗಿ ಹುಲ್ಲನ್ನು ಉದ್ದಕ್ಕೇ ಹಾಸಬೇಡಿ, ಗೇಣುದ್ದ ಕತ್ತರಿಸಿ. ಉದ್ದ ಹುಲ್ಲು ನಡುವೆ ಸಂದಿ ಬಿಡುತ್ತದೆ, ಗಾಳಿಗೆ ಏಳುತ್ತದೆ. ಸಡಿಲವಾಗಿ ನಾಲ್ಕು ಇಂಚು ದಪ್ಪ ಹಾಕಿದರೆ ವಾರದಲ್ಲಿ ಕುಸಿದು ಎರಡು, ಎರಡೂವರೆ ಇಂಚಾಗುತ್ತದೆ. ಅಷ್ಟು ನಿಂತರೆ ಸಾಕು. ಮಣ್ಣು ಎಲ್ಲೂ ಇಣುಕಬಾರದು. ಅದಕ್ಕಿಂತ ತೆಳು ಮಾಡಿದರೆ ಬಿಸಿಲು ಮಣ್ಣಿಗೆ ತಾಗುತ್ತದೆ. ಆರೆಂಟು ಇಂಚು ಒಟ್ಟಿದರೆ ಬಿದ್ದ ಸಣ್ಣ ಮಳೆ ಮಣ್ಣಿಗೆ ಮುಟ್ಟುವುದೇ ಇಲ್ಲ. ಗಿಡದ ಬುಡದ ಸುತ್ತ ನಾಲ್ಕು ಬೆರಳು ಜಾಗ ಬರಿದೇ ಬಿಡಿ. ಯಾಕೆ ಅನ್ನುವುದು ಮುಂದೆ ಬರುತ್ತದೆ, ಆದರೆ ಇದನ್ನು ಮಾತ್ರ ಮರೆಯಬೇಡಿ.

ಇನ್ನು ಮೇಲೆ ನೀರು ದಿನಾ ಬೇಡ. ಒಂದು ಅಡಿ ತುಂಬಿದ ಮಣ್ಣಿನಲ್ಲಿ ಗಿಡಕ್ಕೆ ಸಿಗುವ ನೀರು ಅರ್ಧ ಖರ್ಚಾದಾಗ ಮತ್ತೆ ತುಂಬಿಸಿದರೆ ಗಿಡಕ್ಕೆ ತೊಂದರೆ ಆಗುವುದಿಲ್ಲ. ನಿಮ್ಮ ಮಡಿಯಲ್ಲಿ ಆ ಅರ್ಧ ಅಂದರೆ 45 ಲೀಟರ್, ಮೂರು ಕೊಡ. ಏಪ್ರಿಲ್, ಮೇ ಬಿಸಿಲಿಗೆ ನಾಲ್ಕು ದಿನಕ್ಕೊಮ್ಮೆ ಈ ಮೂರು ಕೊಡವನ್ನು ಕಾಲುವೆಗೆ ಹಾಕಿ. ನಿಮಗೆ ನೀರು ಎರಡು ದಿನಕ್ಕೊಮ್ಮೆ ಬರುವುದರಿಂದ ಒಂದು ಸರದಿಗೆ ಎರಡು ಮಡಿ, ಮುಂದಿನ ಸರದಿಗೆ ಮಿಕ್ಕದ್ದು ಅಂತ ಹಂಚಿಕೊಳ್ಳಬಹುದು. ಮೊದಲು ನಾಲ್ಕು ದಿನಕ್ಕೆ ನಾಲ್ಕು ಕೊಡ ಹಾಕುತ್ತಿದ್ದಿರಿ, ಈಗ ಮೂರು. ಉಳಿಕೆ ಇಷ್ಟೇನಾ ಅನ್ನಿಸಬಹುದು. ಆದರೆ ಆ ನಾಲ್ಕರಲ್ಲಿ ಬೇರಿಗೆ ಸೇರುತ್ತಿದ್ದದ್ದು ತೀರಾ ಕಮ್ಮಿ. ಈ ಮೂರರಲ್ಲಿ ಹೆಚ್ಚಿನ ಪಾಲು ಗಿಡದ ಬಾಯಿಗೇ ಹೋಗುತ್ತದೆ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಹೊದಿಕೆ ತಡೆಯುವುದು ಮಣ್ಣಿನಿಂದ ಆವಿಯಾಗುವ ನೀರನ್ನು ಮಾತ್ರ. ಗಿಡ ಎಲೆಯ ಮೂಲಕ ಬಿಡುವ ನೀರನ್ನು ಅದು ತಡೆಯಲಾರದು. ಗಿಡ ಚಿಕ್ಕದಿದ್ದು ನಡುವೆ ಮಣ್ಣು ಬಯಲಾಗಿ ಕಾಣುವಾಗ ಹೊದಿಕೆಯ ಲಾಭ ಅತಿ ಜಾಸ್ತಿ. ಬದನೆ ಹರಡಿಕೊಂಡು ಮಡಿ ಪೂರ್ತಿ ನೆರಳಾದ ಮೇಲೆ ಆ ಲಾಭ ಇಳಿಯುತ್ತದೆ, ಗಿಡ ಕುಡಿಯುವ ನೀರು ಏರುತ್ತದೆ. ಹಾಗಾಗಿ ಗಿಡ ದೊಡ್ಡದಾದ ಮೇಲೆ ಮೇ ತಿಂಗಳಲ್ಲಿ ಮೂರು ದಿನಕ್ಕೇ ನೀರು ಬೇಕಾದೀತು. ಹೊದಿಕೆ ಕೈಕೊಟ್ಟಿತು ಅಂತ ಆಗ ಅಂದುಕೊಳ್ಳಬೇಡಿ. ಚಳಿಗಾಲದಲ್ಲಿ ಅದೇ ಮಡಿ ವಾರಕ್ಕೊಮ್ಮೆ ನೀರಿನಲ್ಲಿ ನಡೆಯುತ್ತದೆ.

ಅದಕ್ಕೇ ದಿನ ಎಣಿಸುವುದಕ್ಕಿಂತ ಮಣ್ಣು ಮುಟ್ಟಿ ನೋಡುವುದು ಒಳ್ಳೆಯದು. ಹುಲ್ಲು ಸರಿಸಿ, ಮೇಲಿನ ನಾಲ್ಕು ಬೆರಳು ಮಣ್ಣು ತೆಗೆದು, ಅದರ ಕೆಳಗಿನ ಮಣ್ಣನ್ನು ಒಂದು ಹಿಡಿ ತೆಗೆದುಕೊಳ್ಳಿ. ಮುಷ್ಟಿ ಕಟ್ಟಿ ಒತ್ತಿ, ಕೈ ಬಿಚ್ಚಿ. ಉಂಡೆ ಕಟ್ಟಿ, ಹೆಬ್ಬೆರಳಿಂದ ಮೆಲ್ಲಗೆ ತಟ್ಟಿದರೂ ನಿಂತರೆ ಹದ ಇದೆ, ನೀರು ಬೇಡ. ಉಂಡೆ ಕಟ್ಟಿ, ತಟ್ಟಿದ ಕೂಡಲೇ ಒಡೆದರೆ ಇವತ್ತು ಸಂಜೆ ಹಾಕಿ. ಉಂಡೆಯೇ ಕಟ್ಟದಿದ್ದರೆ ತಡವಾಗಿದೆ. ಕೈಗೆ ಕೆಸರು ಅಂಟಿ, ಒತ್ತಿದಾಗ ಬೆರಳ ಸಂದಿಯಲ್ಲಿ ನೀರು ಒಸರಿದರೆ ಜಾಸ್ತಿ ಹಾಕಿದ್ದೀರಿ. ಒಂದು ವಾರ ಹೀಗೆ ಮುಟ್ಟಿ ನೋಡಿದರೆ ನಿಮ್ಮ ಮಣ್ಣಿನ ಹದ ಕೈಗೇ ಗೊತ್ತಾಗುತ್ತದೆ. ಎರೆಮಣ್ಣಿನವರಿಗೆ ಈ ಅಳತೆ ಹೀಗೇ ಹೊಂದುವುದಿಲ್ಲ, ಆ ಮಣ್ಣು ಗಿಡಕ್ಕೆ ನೀರು ಬಿಟ್ಟುಕೊಡದೆ ಇರುವಾಗಲೂ ಉಂಡೆ ಕಟ್ಟುತ್ತದೆ.

ಗಿಡವನ್ನು ನೋಡುವುದಾದರೆ ಮಧ್ಯಾಹ್ನ ನೋಡಬೇಡಿ. ಎರಡು ಗಂಟೆಯ ಬಿಸಿಲಿಗೆ ಬದನೆ, ಸೋರೆ, ಸೌತೆಯ ಅಗಲ ಎಲೆಗಳು ಮಣ್ಣಿನಲ್ಲಿ ನೀರಿದ್ದರೂ ಜೋತು ಬೀಳುತ್ತವೆ. ಎಲೆ ಬಿಡುವಷ್ಟು ವೇಗದಲ್ಲಿ ಬೇರು ನೀರು ಎಳೆಯಲಾರದು, ಅಷ್ಟೇ. ಸಂಜೆ ಆರಕ್ಕೆ ಅವು ಮತ್ತೆ ಎದ್ದು ನಿಂತರೆ ಏನೂ ಆಗಿಲ್ಲ. ಬೆಳಿಗ್ಗೆ ಆರಕ್ಕೂ ಎಲೆ ಜೋತಿದ್ದರೆ ಅದು ನಿಜವಾದ ಬಾಡು.

ಬೆಳಿಗ್ಗೆಯೂ ಬಾಡಿದೆ, ಮಣ್ಣು ಹಿಡಿದರೆ ಉಂಡೆ ನಿಲ್ಲುತ್ತಿದೆ ಅಂದರೆ ಅದು ನೀರಿನ ಕೊರತೆಯಲ್ಲ, ಮತ್ತೆ ನೀರು ಸುರಿಯಬೇಡಿ. ಬುಡ ನೋಡಿ. ಮಣ್ಣಿಗೆ ತಾಗುವ ಕಡೆ ಕಾಂಡದ ಮೇಲೆ ಹತ್ತಿಯಂಥ ಬಿಳಿ ಎಳೆ, ಅದರಲ್ಲಿ ಸಾಸಿವೆ ಕಾಳಿನಷ್ಟು ಗಾತ್ರದ ಕಂದು ಗುಂಡುಗಳು ಕಂಡರೆ ಅದು ಬುಡ ಕೊಳೆ ರೋಗ. ಈ ಶಿಲೀಂಧ್ರ ಅರೆಬರೆ ಕಳಿತ ಹುಲ್ಲಿನ ಮೇಲೆ ಬೆಳೆದು, ಕಾಂಡಕ್ಕೆ ತಾಗಿಕೊಂಡಿರುವ ಹುಲ್ಲಿನ ಮೂಲಕ ಗಿಡಕ್ಕೆ ದಾಟುತ್ತದೆ. ಬುಡದ ಸುತ್ತ ನಾಲ್ಕು ಬೆರಳು ಬಿಡಿ ಅಂದಿದ್ದು ಮುಖ್ಯವಾಗಿ ಇದಕ್ಕೇ. ಆ ಗಿಡವನ್ನು ಸುತ್ತಲಿನ ಒಂದು ಬೊಗಸೆ ಮಣ್ಣಿನ ಸಮೇತ ಕಿತ್ತು ತೋಟದಿಂದ ಹೊರಗೆ ಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಹುಲ್ಲಿನ ಒಳಗೆ ಅಲ್ಲಲ್ಲಿ ಬರಿಯ ಬಿಳಿ ಬೂಷ್ಟು ಕಂಡರೆ ಹೆದರಬೇಕಿಲ್ಲ, ಅದು ಹುಲ್ಲು ಕಳಿಯುತ್ತಿರುವ ಗುರುತು. ಸಾಸಿವೆಯಂಥ ಗುಂಡು ಇದೆಯಾ, ಕಾಂಡಕ್ಕೆ ಹತ್ತಿದೆಯಾ ಅನ್ನುವುದನ್ನು ನೋಡಿ.

ಬುಡ ಚೊಕ್ಕಟವಾಗಿದ್ದೂ ಟೊಮೆಟೊ ಅಥವಾ ಬದನೆ ಹಸಿರಾಗಿರುವಾಗಲೇ ದಿಢೀರ್ ಬಾಡಿದರೆ ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಕತ್ತರಿಸಿದ ತುದಿ ತಾಗುವ ಹಾಗೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಅದಕ್ಕೆ ಹೊದಿಕೆಯೂ ಕಾರಣ ಅಲ್ಲ, ನೀರೂ ಮದ್ದಲ್ಲ. ಕಿತ್ತು ಹಾಕಿ, ಆ ಜಾಗದಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಬೇಡ. ಬೆಂಡೆ, ಹುರುಳಿಕಾಯಿ, ಜೋಳ ಹಾಕಿಕೊಳ್ಳಿ.

ಗೆದ್ದಲಿನ ವಿಷಯ. ಗೆದ್ದಲು ಒಣ ಹುಲ್ಲಿಗೇ ಬರುವ ಹುಳು. ನಿಮ್ಮ ಮಡಿಯಲ್ಲಿ ಹುಲ್ಲು ಇತ್ತು, ಮಣ್ಣು ಒಣಗಿತ್ತು, ಅದಕ್ಕೆ ಬೇಕಾದ್ದೆಲ್ಲ ಇತ್ತು. ಹುಲ್ಲಿನ ಮೇಲೆ ಮಣ್ಣಿನ ಪೊರೆ ಕಟ್ಟಿ ಅದನ್ನು ತಿನ್ನುತ್ತಿದ್ದರೆ ನಷ್ಟ ಹುಲ್ಲಿನದ್ದು ಮಾತ್ರ. ಹಸಿರಾಗಿರುವ, ನೀರು ಸಿಕ್ಕ ಗಿಡವನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನೀರಿಲ್ಲದೆ ಸೊರಗಿದ ಮೆಣಸಿನ ಗಿಡಕ್ಕೆ ಮಾತ್ರ ಬುಡದ ಸಿಪ್ಪೆಯಿಂದ ಶುರು ಮಾಡಿ ಒಳಗೆ ಹೋಗುತ್ತದೆ. ಬಾಡಿದ ಗಿಡ ಎಳೆದ ಕೂಡಲೇ ಬುಡದಲ್ಲಿ ಮುರಿದು ಬಂದು, ಕಾಂಡದೊಳಗೆ ಮಣ್ಣು ತುಂಬಿದ್ದರೆ ಗೆದ್ದಲಿನ ಕೆಲಸ ಅಂತ ಗೊತ್ತಾಗುತ್ತದೆ. ಮಣ್ಣಿಗೆ ತೇವ ಬಂದು, ಬುಡದ ಸುತ್ತ ಹುಲ್ಲಿಲ್ಲದ ಜಾಗ ಬಿಟ್ಟರೆ ಈ ಕಾಟ ಬಹಳ ಮಟ್ಟಿಗೆ ಇಳಿಯುತ್ತದೆ. ಮಣ್ಣಿನ ಪೊರೆ ಕಂಡಾಗಲೆಲ್ಲ ಕೋಲಿನಿಂದ ಒಡೆದು ಹುಲ್ಲು ಮೊಗಚಿ ಹಾಕಿ. ತಿನ್ನುವ ತರಕಾರಿ ಮಡಿಗೆ ಗೆದ್ದಲಿನ ವಿಷ ಸುರಿಯುವುದು ನನಗೆ ಒಂದಿಷ್ಟೂ ಒಪ್ಪಿಗೆಯಿಲ್ಲ.

ನಿಮ್ಮ ಕಡೆ ಗೆದ್ದಲಿಗೆ ಅಷ್ಟು ಬೇಗ ಬಗ್ಗದ ಹೊದಿಕೆ ಒಂದಿದೆ, ಅದನ್ನು ಯಾಕೆ ಬಳಸಲಿಲ್ಲ ಅಂತ ನಾನು ಓದುವಾಗಲೇ ಯೋಚಿಸುತ್ತಿದ್ದೆ. ಹೊಸದುರ್ಗ ಅಂದರೆ ತೆಂಗಿನ ಸೀಮೆ. ಕಾಯಿ ಸುಲಿದ ಮಟ್ಟೆ ಕಣದಲ್ಲಿ ರಾಶಿ ಬಿದ್ದಿರುತ್ತದೆ, ಒಲೆಗೆ ಹೋಗುತ್ತದೆ. ಅದನ್ನು ಎರಡು ಸಾಲಿನ ನಡುವೆ, ಕಾಲುವೆಯ ಎರಡೂ ಬದಿಗೆ, ಬೆನ್ನು ಮೇಲಾಗಿ ಒತ್ತೊತ್ತಾಗಿ ಜೋಡಿಸಿ. ತೆಂಗಿನ ಮರದ ಪಾತಿಗೂ ಹೊದಿಕೆಯಾಗಿ ಹಾಸುವಾಗ ಬೆನ್ನು ಮೇಲೆ ಮಾಡಿಯೇ ಹಾಸುತ್ತಾರೆ. ಗುಂಡಿ ತೆಗೆದು ಹೂಳುವುದಾದರೆ ಮಾತ್ರ ಬಟ್ಟಲಿನ ಹಾಗೆ ಹೊಟ್ಟೆ ಮೇಲಾಗಿ ಇಡುತ್ತಾರೆ, ಅಲ್ಲಿ ಅದು ನೀರು ಹಿಡಿದಿಡಬೇಕು. ಮಡಿಯ ಮೇಲೆ ಹಾಗಿಟ್ಟರೆ ನೀರು ನಿಂತು ಸೊಳ್ಳೆ ಮರಿ ಮಾಡುತ್ತದೆ. ಮಟ್ಟೆ ವರ್ಷಗಟ್ಟಲೆ ಬಾಳುತ್ತದೆ, ಗಾಳಿಗೆ ಹಾರುವುದಿಲ್ಲ. ಮಟ್ಟೆಯ ಸಂದಿಗಳಿಗೆ ನಿಮ್ಮ ರಾಗಿ ಹುಲ್ಲನ್ನೇ ತುರುಕಿ. ರಾಗಿ ಹುಲ್ಲು ದನಕ್ಕೆ ಬೇಕಾದ ಮೇವು, ಅಷ್ಟು ದುಬಾರಿ ಮೇವನ್ನು ಮಡಿಗೆ ದಪ್ಪಗೆ ಹಾಸುವುದು ಯಾವಾಗಲೂ ಮನಸ್ಸಿಗೆ ಒಗ್ಗುವುದಿಲ್ಲ. ಅದರ ಬದಲು ಹೊಂಗೆ, ಮಾವು, ಬೇವಿನ ತರಗೆಲೆ ನಾಲ್ಕು ಗೋಣಿಚೀಲ ಒತ್ತದೆ ತುಂಬಿ ತಂದರೆ ಒಂದು ಮಡಿಗೆ ಸಾಕು. ಮಲೆನಾಡಿನವರು ಅಡಿಕೆ ತೋಟಕ್ಕೆ ಸೊಪ್ಪು, ದರಗು ಹೊತ್ತು ತಂದು ಹಾಕುವ ಹಾಗೆ ನೀವು ಬೀದಿಬದಿಯ ಹೊಂಗೆ ಎಲೆ ಗುಡಿಸಿ ತರಬಹುದು.

ಯಾವುದನ್ನೇ ಹಾಸಿದರೂ ಮಣ್ಣಿನ ಮೇಲಿರಲಿ, ಮಣ್ಣಿಗೆ ಬೆರೆಸಬೇಡಿ. ಒಣ ಹುಲ್ಲು, ಮರ ಕೊಯ್ದ ಹೊಟ್ಟು ಮಣ್ಣಿನೊಳಗೆ ಸೇರಿದರೆ ಅದನ್ನು ಕಳಿಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ತಾವೇ ತೆಗೆದುಕೊಳ್ಳುತ್ತವೆ. ಗಿಡದ ಕೆಳಗಿನ ಎಲೆಗಳು ಮೊದಲು ಹಳದಿಯಾಗುವುದು ಇದರ ಗುರುತು. ಹಾಗೆ ಕಂಡರೆ ಒಂದು ಪಾಲು ಗಂಜಲಕ್ಕೆ 10 ಪಾಲು ನೀರು ಬೆರೆಸಿ ಕಾಲುವೆಗೆ ಹಾಕಿ. ಪ್ಲಾಸ್ಟಿಕ್ ಹಾಳೆ ಹೊದಿಸುವ ಯೋಚನೆ ಬಂದರೆ ಬಿಟ್ಟುಬಿಡಿ. ಡ್ರಿಪ್ ಪೈಪ್ ಎಳೆದ ದೊಡ್ಡ ಹೊಲಕ್ಕೆ ಅದು ಸರಿ. ಕೈತೋಟದಲ್ಲಿ ಮಳೆ ಒಳಗೆ ಹೋಗುವುದಿಲ್ಲ, ಮಣ್ಣಿಗೆ ಸೇರುವುದೂ ಏನಿಲ್ಲ, ಕೊನೆಗೆ ಚಿಂದಿ ಹೆಕ್ಕುವ ಕೆಲಸ.

ಸೊಪ್ಪಿನ ಮಡಿಗೆ ಇದೆಲ್ಲ ಹೊಂದುವುದಿಲ್ಲ. ದಂಟು, ಪಾಲಕ್, ಕೊತ್ತಂಬರಿಯ ಬೇರು ಮೇಲಿನ ಐದಾರು ಇಂಚಿನಲ್ಲೇ ಇರುತ್ತದೆ, ಮೊಳಕೆ ಬೆಳೆಯಲು ಬೆಳಕು ಗಾಳಿ ಬೇಕು. ಅಲ್ಲಿ ದಪ್ಪ ಹುಲ್ಲು ಹಾಕಿದರೆ ಮೊಳಕೆ ನುಸುಳಿ ಬರಲಾರದೆ ಕೊಳೆಯುತ್ತದೆ. ಬೀಜ ಬಿತ್ತಿದಾಗ ಗೋಣಿಚೀಲ ಒದ್ದೆ ಮಾಡಿ ಹೊದಿಸಿ, ಮೊಳಕೆ ಕಂಡ ದಿನವೇ ತೆಗೆಯಿರಿ. ಸೊಪ್ಪು ನಾಲ್ಕು ಇಂಚು ಬೆಳೆದ ಮೇಲೆ ಸಾಲಿನ ನಡುವೆ ಕಡ್ಲೆಕಾಯಿ ಸಿಪ್ಪೆಯನ್ನೋ ಪುಡಿ ಮಾಡಿದ ತರಗೆಲೆಯನ್ನೋ ಒಂದು ಇಂಚು ಹರಡಿ. ಈ ಮಡಿಗೆ ಎರಡು ದಿನಕ್ಕೊಮ್ಮೆ ಒಂದೂವರೆ ಕೊಡ ಬೇಕೇ ಬೇಕು. ನೀರು ತೀರಾ ಸಾಲದಿದ್ದರೆ ಬೇಸಿಗೆಯಲ್ಲಿ ಸೊಪ್ಪಿನ ಮಡಿಯನ್ನು ಅರ್ಧಕ್ಕೆ ಇಳಿಸಿ, ಸಂಜೆ ಬಿಸಿಲು ಬೀಳದ ಕಡೆಗೆ ಸರಿಸಿ.

ಜೂನ್‌ನಲ್ಲಿ ನೆನಪಿಟ್ಟುಕೊಳ್ಳಬೇಕಾದ್ದು ಒಂದಿದೆ. ಮೊದಲ ಮಳೆಗಳು ಎರಡು ಮೂರು ಮಿಲಿಮೀಟರ್ ಬಿದ್ದು ನಿಲ್ಲುತ್ತವೆ. ಹುಲ್ಲು ಹಾಗೇ ಇದ್ದರೆ ಅವೆಲ್ಲ ಹುಲ್ಲಿಗೇ ಆಗಿಹೋಗುತ್ತವೆ. ಮೋಡ ಕಟ್ಟಿದ ದಿನ ಹುಲ್ಲನ್ನು ಬದುವಿಗೆ ಎಳೆದಿಡಿ, ಮಳೆ ನಿಂತ ಮೇಲೆ ಮತ್ತೆ ಹರಡಿ. ಮಳೆ ಹಿಡಿದ ಮೇಲೆ ಒಂದೇ ಇಂಚು ಉಳಿಸಿಕೊಂಡು ಮಿಕ್ಕದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ಆಗ ದಪ್ಪ ಹೊದಿಕೆಯ ಕೆಳಗೆ ಬಸವನಹುಳು ಸೇರಿಕೊಂಡು ರಾತ್ರಿ ಎಳೆ ಎಲೆ ಮೇಯುತ್ತವೆ. ಸಂಜೆ ಒಂದು ಒದ್ದೆ ಗೋಣಿಚೀಲವನ್ನು ಮಡಿಯ ಪಕ್ಕ ಹಾಸಿಟ್ಟು, ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಗುಂಪಾಗಿ ಸಿಗುತ್ತವೆ. ಕೈಗೆ ಕವರ್ ಹಾಕಿಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಅಕ್ಟೋಬರ್ ಕೊನೆಯಲ್ಲಿ ಮಳೆ ಹಿಂದೆ ಸರಿಯುವಾಗ ಮಣ್ಣು ತಾನಾಗೇ ಒಂದು ಅಡಿಗಿಂತ ಆಳ ನೆನೆದಿರುತ್ತದೆ. ಆ ವಾರವೇ ಕಂಬಿ ಚುಚ್ಚಿ ನೋಡಿ, ಮಟ್ಟೆ ಜೋಡಿಸಿ, ತರಗು ಹೊದಿಸಿ. ಏಳು ಕೊಡ ಹೊರುವ ಕೆಲಸ ಆಗ ಇರುವುದಿಲ್ಲ.